ಚನ್ನಮ್ಮ, ಚೆನ್ನಮ್ಮ: ಪತ್ರದಲ್ಲಿ ‘ಉರುಫ್’ ಎಂದು ಬರೆದರೆ ಸಾಕೇ?

ಪ್ರಶ್ನೆ: ನನ್ನ ತಾಯಿ 1994ರಲ್ಲಿ ಒಂದು ನಿವೇಶನ ಕೊಂಡಿದ್ದರು. ಕ್ರಯಪತ್ರದಲ್ಲಿ ಅವರ ಹೆಸರು ‘ಚನ್ನಮ್ಮ ಕೋಂ ಹನುಮೇಗೌಡ’ ಎಂದಿದೆ. ಆಧಾರ್‌ನಲ್ಲಿ ‘ಚೆನ್ನಮ್ಮ’, ನಮ್ಮ ತಂದೆಯ ಹೆಸರು ‘ಹನುಮಂತೇಗೌಡ’. ತಂದೆ ಈಗಿಲ್ಲ. ತಾಯಿಗೆ 71 ವರ್ಷ. ನಿವೇಶನ ಮಾರಿ, ವಾಸದ ಮನೆಯನ್ನು ನನಗೂ ತಂಗಿಗೂ ವಿಲ್ ಬರೆಯಬೇಕೆಂದಿದ್ದಾರೆ. ತಂಗಿಯ ಹೆಸರು ಶಾಲೆಯ ದಾಖಲೆಯಲ್ಲಿ ಮಂಜುಳ, ಆಧಾರ್‌ನಲ್ಲಿ ಮಂಜುಳಾದೇವಿ. ಪತ್ರ ಬರಹಗಾರರು ‘ಉರುಫ್ ಎಂದು ಹಾಕಿದರೆ ಮುಗಿಯಿತು’ ಎನ್ನುತ್ತಾರೆ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕು ಅಫಿಡವಿಟ್ ಕೇಳುತ್ತಿದೆ. ಯಾರು ಹೇಳುವುದು ಸರಿ? (ಹೆಸರುಗಳನ್ನು ಬದಲಿಸಿ ಬರೆದಿದ್ದೇನೆ.)

ಉತ್ತರ: ಇಬ್ಬರು ಹೇಳುವುದೂ ಅರ್ಧ ಸರಿ. ‘ಉರುಫ್’ ಎಂಬ ಒಂದು ಪದ ಎರಡು ಹೆಸರುಗಳನ್ನು ಅಕ್ಕಪಕ್ಕ ಕೂರಿಸುತ್ತದೆ, ಅಷ್ಟೇ. ಆ ಎರಡನೆಯ ಹೆಸರು ಎಲ್ಲಿಂದ ಬಂತು, ಯಾವ ದಾಖಲೆಯಲ್ಲಿ ಇದೆ ಎಂಬುದನ್ನು ಅದು ಹೇಳುವುದಿಲ್ಲ. ಅಫಿಡವಿಟ್ ಅದನ್ನು ಹೇಳುತ್ತದೆ, ಆದರೆ ಅದು ನೋಂದಣಿಯಾಗದ ಬಿಡಿ ಹಾಳೆ. ಇಪ್ಪತ್ತು ವರ್ಷ ಕಳೆದ ಮೇಲೆ ಈ ನಿವೇಶನವನ್ನು ಕೊಳ್ಳಲು ಬಂದವರ ಕೈಗೆ ಕ್ರಯಪತ್ರದ ದೃಢೀಕೃತ ನಕಲು ಸಿಗುತ್ತದೆ, ಅಫಿಡವಿಟ್ ಸಿಗುವುದಿಲ್ಲ. ಆದ್ದರಿಂದ ಅಫಿಡವಿಟ್‌ನಲ್ಲಿ ಬರೆಯಬೇಕಾದ ಮಾತೆಲ್ಲ ಕ್ರಯಪತ್ರದ ಒಡಲಿನಲ್ಲೇ ಬರಬೇಕು. ಬ್ಯಾಂಕು ಕೇಳಿದರೆ ಅಫಿಡವಿಟನ್ನೂ ಕೊಡಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಮೊದಲು ನಿಮ್ಮ 1994ರ ಕ್ರಯಪತ್ರವನ್ನು ತೆಗೆದು ಒಂದು ವಿಷಯ ನೋಡಿ: ಅದರಲ್ಲಿ ನಿಮ್ಮ ತಾಯಿಯವರ ಸಹಿಯೋ ಹೆಬ್ಬೆಟ್ಟಿನ ಗುರುತೋ ಎಲ್ಲಿಯಾದರೂ ಇದೆಯೇ? ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಆಗಿನ ಕ್ರಯಪತ್ರಗಳಲ್ಲಿ ಬರೆದುಕೊಟ್ಟವರು ಸಹಿ ಮಾಡುತ್ತಿದ್ದರು, ಬರೆಸಿಕೊಂಡವರು ಎಷ್ಟೋ ಬಾರಿ ಮಾಡುತ್ತಿರಲಿಲ್ಲ. ಕೊಳ್ಳುವವರ ಮತ್ತು ಮಾರುವವರ ಭಾವಚಿತ್ರ, ಬೆರಳಚ್ಚು ಎರಡನ್ನೂ ಪತ್ರಕ್ಕೆ ಹಚ್ಚಬೇಕೆಂಬ 32ಎ ಕಲಂ ನೋಂದಣಿ ಕಾಯಿದೆಗೆ ಸೇರಿದ್ದು 2001ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಪತ್ರದಲ್ಲಿ ಕೊಂಡವರನ್ನು ಗುರುತಿಸಲು ಇರುವುದು ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು ಮಾತ್ರ. ನಿಮ್ಮ ವಿಷಯದಲ್ಲಿ ಈ ಮೂರರಲ್ಲಿ ಎರಡು ಆಧಾರ್‌ಗೆ ಹೊಂದುತ್ತಿಲ್ಲ. ಬ್ಯಾಂಕಿನ ವಕೀಲರ ಆತಂಕಕ್ಕೆ ಕಾರಣ ಒಂದು ‘ಎ’ಕಾರವಲ್ಲ. ಆ ಪತ್ರದ ಚನ್ನಮ್ಮನನ್ನು ಇಂದಿನ ಚೆನ್ನಮ್ಮನಿಗೆ ಕಟ್ಟಿಹಾಕುವ ಮುಖವಾಗಲಿ ಬೆರಳಾಗಲಿ ಪತ್ರದಲ್ಲಿ ಇಲ್ಲವೆಂಬುದು ನಿಜವಾದ ಕಾರಣ.

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ತಾಯಿಯ ಹೆಸರಿಗೆ ಉರುಫ್ ಹಾಕಿ, ಗಂಡನ ಹೆಸರನ್ನು ಆಧಾರ್‌ನಲ್ಲಿ ಇದ್ದಂತೆ ಬರೆದು ಬಿಟ್ಟುಬಿಡುತ್ತಾರೆ. ನೋಂದಣಿ ಕಾಯಿದೆಯ ಪ್ರಕಾರ ವ್ಯಕ್ತಿಯ ವಿವರಣೆ ಎಂದರೆ ಬರಿಯ ಹೆಸರಲ್ಲ. ವಾಸಸ್ಥಳ, ಉದ್ಯೋಗ, ತಂದೆಯ ಹೆಸರು, ತಾಯಿಯಿಂದ ಗುರುತಿಸಿಕೊಳ್ಳುವವರಾದರೆ ತಾಯಿಯ ಹೆಸರು ಇವೆಲ್ಲ ಅದರಲ್ಲಿ ಸೇರುತ್ತವೆ. ನಮ್ಮ ಕಡೆಯ ಪತ್ರಗಳಲ್ಲಿ ವಿವಾಹಿತೆಯರಿಗೆ ಆ ಕೆಲಸ ಮಾಡುವುದು ‘ಕೋಂ’ ಎಂಬ ಪದದ ಮುಂದಿನ ಹೆಸರು. ಒಂದು ಊರಿನಲ್ಲಿ ನಾಲ್ಕು ಜನ ಚನ್ನಮ್ಮ ಇರಬಹುದು, ಹನುಮೇಗೌಡರ ಹೆಂಡತಿ ಚನ್ನಮ್ಮ ಒಬ್ಬರೇ. ಆ ಹನುಮೇಗೌಡರೇ ಹನುಮಂತೇಗೌಡ ಎಂದು ಬರೆಯದಿದ್ದರೆ ತಾಯಿಯ ಹೆಸರಿಗೆ ಹಾಕಿದ ಉರುಫ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ‘ಚನ್ನಮ್ಮ’ ಮತ್ತು ‘ಚೆನ್ನಮ್ಮ’ ಒಂದೇ ಹೆಸರೆಂದು ಕನ್ನಡ ಓದುವ ಯಾರೂ ಒಪ್ಪುತ್ತಾರೆ. ಹನುಮೇಗೌಡ ಮತ್ತು ಹನುಮಂತೇಗೌಡ ಅಣ್ಣತಮ್ಮಂದಿರೂ ಆಗಿರಬಹುದು. ಗಟ್ಟಿಯಾಗಿ ಹೊಲಿಯಬೇಕಾದ ಜಾಗ ಅದು.

ಈಗ ಪತ್ರದಲ್ಲಿ ಏನು ಬರೆಯಬೇಕು ಎಂಬುದಕ್ಕೆ ಬರೋಣ. ಎರಡು ಕಡೆ ಬರೆಯಬೇಕು. ಮೊದಲನೆಯದು ಪಕ್ಷಕಾರರ ವಿವರ. ಅಲ್ಲಿ ಹೀಗಿರಲಿ:

‘ಶ್ರೀಮತಿ ಚೆನ್ನಮ್ಮ ಉರುಫ್ ಚನ್ನಮ್ಮ, ಕೋಂ ದಿವಂಗತ ಹನುಮಂತೇಗೌಡ ಉರುಫ್ ಹನುಮೇಗೌಡ, ವಯಸ್ಸು 71 ವರ್ಷ’, ಆಮೇಲೆ ವಿಳಾಸ.

ಕರಾವಳಿಯ ಪತ್ರಗಳಲ್ಲಿ ‘ಯಾನೆ’ ಎಂದು ಬರೆಯುತ್ತಾರೆ, ಕೆಲವರು ‘ಅಲಿಯಾಸ್’ ಎನ್ನುತ್ತಾರೆ. ಮೂರರಲ್ಲಿ ಯಾವುದಾದರೂ ಸರಿ, ಕಾನೂನಿನ ಕಣ್ಣಿಗೆ ವ್ಯತ್ಯಾಸವಿಲ್ಲ. ಯಾವ ಹೆಸರು ಮೊದಲು ಬರಬೇಕೆಂದು ಬಹಳ ಜನ ಕೇಳುತ್ತಾರೆ. ಈಗಿನ ಗುರುತಿನ ಚೀಟಿಯ ಹೆಸರು ಮೊದಲು ಬರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಉಪನೋಂದಣಾಧಿಕಾರಿ ತಮ್ಮ ಎದುರು ಕುಳಿತವರನ್ನು ಆ ಚೀಟಿಯಿಂದಲೇ ಗುರುತಿಸುತ್ತಾರೆ, ಕ್ರಯದ ಹಣ ಬರುವ ಬ್ಯಾಂಕ್ ಖಾತೆಯೂ ಅದೇ ಹೆಸರಿನಲ್ಲಿ ಇರುತ್ತದೆ. ಆದರೆ ಒಮ್ಮೆ ಹಿಡಿದ ಅನುಕ್ರಮವನ್ನು ಪತ್ರದುದ್ದಕ್ಕೂ ಬದಲಿಸಬೇಡಿ.

ಎರಡನೆಯದು ಹಕ್ಕು ಬಂದ ಬಗೆಯನ್ನು ಹೇಳುವ ಭಾಗ. ಉರುಫ್‌ಗೆ ಬಲ ಬರುವುದು ಇಲ್ಲಿ. ನಾನು ಬರೆಸುವುದು ಹೀಗೆ:

‘ಷೆಡ್ಯೂಲ್ ಸ್ವತ್ತನ್ನು ನಾನು ಇಂಥ ದಿನಾಂಕದಂದು, ಇಂಥ ಉಪನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿ ಇಂಥ ಸಂಖ್ಯೆಯ ದಸ್ತಾವೇಜಾಗಿ ನೋಂದಣಿಯಾದ ಕ್ರಯಪತ್ರದ ಮೂಲಕ ಖರೀದಿಸಿರುತ್ತೇನೆ. ಸದರಿ ಕ್ರಯಪತ್ರದಲ್ಲಿ ನನ್ನ ಹೆಸರು “ಚನ್ನಮ್ಮ” ಎಂದೂ ನನ್ನ ಪತಿಯ ಹೆಸರು “ಹನುಮೇಗೌಡ” ಎಂದೂ ನಮೂದಾಗಿರುತ್ತದೆ. ನನ್ನ ಆಧಾರ್ ಚೀಟಿಯಲ್ಲಿ ನನ್ನ ಹೆಸರು “ಚೆನ್ನಮ್ಮ” ಎಂದೂ ಪತಿಯ ಹೆಸರು “ಹನುಮಂತೇಗೌಡ” ಎಂದೂ, ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ “Chennamma” ಎಂದೂ ಇರುತ್ತದೆ. ಈ ಎಲ್ಲ ಹೆಸರುಗಳೂ ನನಗೆ ಮತ್ತು ನನ್ನ ಪತಿಗೆ ಸಂಬಂಧಿಸಿದವೇ ಆಗಿದ್ದು, ಸದರಿ ಕ್ರಯಪತ್ರದ ಖರೀದಿದಾರಳು ನಾನೇ ಆಗಿರುತ್ತೇನೆ. ಈ ಹೆಸರುಗಳ ವ್ಯತ್ಯಾಸದಿಂದ ಮುಂದೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ.’

ಪ್ರತಿಯೊಂದು ಕಾಗುಣಿತದ ಪಕ್ಕದಲ್ಲೂ ಅದು ಇರುವ ದಾಖಲೆಯ ಹೆಸರು ಬಂದಿರುವುದನ್ನು ಗಮನಿಸಿ. ಓದುವವರು ಊಹಿಸಬೇಕಾಗಿಲ್ಲ, ಆ ದಾಖಲೆಯನ್ನು ತೆಗೆದು ನೋಡಿದರೆ ಸಾಕು. ಇಂಗ್ಲಿಷ್ ಕಾಗುಣಿತವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಸಿದ್ದಕ್ಕೂ ಕಾರಣವಿದೆ. ಒಂದೇ ಕನ್ನಡ ಹೆಸರು ಒಂದು ಕಡೆ Channamma, ಇನ್ನೊಂದು ಕಡೆ Chennamma ಆಗಿರುತ್ತದೆ, ಅದನ್ನು ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸ ಮರೆಯಾಗಿಬಿಡುತ್ತದೆ. ಹಾಗೆಯೇ, ಇಂಗ್ಲಿಷಿಗೆ ಹೋದ ಹೆಸರು ಮತ್ತೆ ಕನ್ನಡಕ್ಕೆ ಬರುವಾಗ ಹೊಸ ರೂಪ ತಾಳುತ್ತದೆ. ನಿಮ್ಮ ತಾಯಿಯವರ ಆಧಾರ್‌ನಲ್ಲಿ ಆಗಿರುವುದು ಬಹುಶಃ ಅದೇ.

ನೋಂದಣಿ ಕಚೇರಿಯಲ್ಲಿ ಮಾಹಿತಿ ತುಂಬುವಾಗಲೂ ಎರಡೂ ಹೆಸರುಗಳು ಹೋಗಬೇಕು. ಪತ್ರದ ಒಡಲಿನಲ್ಲಿ ಉರುಫ್ ಇದ್ದು, ಕಾವೇರಿ ತಂತ್ರಾಂಶದ ಹೆಸರಿನ ಅಂಕಣದಲ್ಲಿ ಒಂದೇ ಹೆಸರು ಹೋಗಿದ್ದರೆ, ಸೂಚಿಯಲ್ಲಿ ಮತ್ತು ಋಣಭಾರ ಪ್ರಮಾಣಪತ್ರದಲ್ಲಿ ಆ ಒಂದೇ ಹೆಸರು ಕಾಣುತ್ತದೆ. ನಾಳೆ ಇ.ಸಿ. ತೆಗೆಸಿದವರಿಗೆ 1994ರಲ್ಲಿ ಚನ್ನಮ್ಮ ಕೊಂಡದ್ದು, ಈಗ ಚೆನ್ನಮ್ಮ ಮಾರಿದ್ದು ಕಾಣಿಸಿ, ಪ್ರಶ್ನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನೋಂದಣಿಗೆ ಮುಂಚೆ ಸಾರಾಂಶದ ಹಾಳೆಯನ್ನು ಓದಲು ಕೊಡುತ್ತಾರೆ. ಅದಕ್ಕೆ ಸಹಿ ಮಾಡುವ ಮೊದಲು ಹೆಸರಿನ ಸಾಲನ್ನು ಅಕ್ಷರ ಅಕ್ಷರ ಕೂಡಿಸಿ ಓದಿ.

ಇದನ್ನು ಒತ್ತಿ ಹೇಳಲು ನನ್ನ ಮುಂದೆ ಬಂದ ಒಂದು ಕಡತವೇ ಕಾರಣ. ಹಿಂದಿನ ಪತ್ರದಲ್ಲಿದ್ದ ಹಳೆಯ ಕಾಗುಣಿತವನ್ನು ಉರುಫ್ ಆಗಿ ಸೇರಿಸಲು ಕರಡು ಕೊಟ್ಟಿದ್ದರು. ಟೈಪ್ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ತಪ್ಪು ಕಾಗುಣಿತವೆಂದು ಭಾವಿಸಿ ತಿದ್ದಿಬಿಟ್ಟರು. ಪತ್ರ ನೋಂದಣಿಯಾಗಿ ಬಂದಾಗ ಅದರಲ್ಲಿ ಒಂದೇ ಹೆಸರು, ಒಂದೇ ಕಾಗುಣಿತದಲ್ಲಿ, ಉರುಫ್‌ನ ಎರಡೂ ಬದಿಗೆ ಕುಳಿತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಒಂಬತ್ತು ವರ್ಷದ ಮೇಲೆ ಕೊಂಡವರು ಮಾರಲು ಹೊರಟಾಗ ಅದು ಸಿಕ್ಕಿಬಿತ್ತು, ಅಷ್ಟರಲ್ಲಿ ಮಾರಿದವರು ತೀರಿಕೊಂಡಿದ್ದರು. ಅವರ ವಾರಸುದಾರರೆಲ್ಲರನ್ನೂ ಹುಡುಕಿ ತಿದ್ದುಪಡಿ ಪತ್ರ ಬರೆಸಿಕೊಳ್ಳಬೇಕಾಯಿತು, ಅವರಲ್ಲಿ ಒಬ್ಬರು ಸಹಿಗೆ ಹಣ ಕೇಳಿದರು. ಅದಾದ ಮೇಲೆ ನಾನು ಕರಡಿನಲ್ಲಿ ಹಳೆಯ ಕಾಗುಣಿತದ ಪಕ್ಕ ‘ಮೂಲದಲ್ಲಿ ಇದ್ದಂತೆ, ತಿದ್ದಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತೇನೆ.

ಈ ಒಕ್ಕಣೆಯ ಮಿತಿಯೂ ನಿಮಗೆ ಗೊತ್ತಿರಲಿ. ಉಪನೋಂದಣಾಧಿಕಾರಿ ಪರಿಶೀಲಿಸುವುದು ತಮ್ಮ ಎದುರಿಗೆ ಬಂದವರು ಯಾರು, ಪತ್ರವನ್ನು ಬರೆದುಕೊಟ್ಟಿದ್ದೇನೆಂದು ಅವರು ಒಪ್ಪುತ್ತಾರೆಯೇ ಎಂಬುದನ್ನು. 1994ರ ಚನ್ನಮ್ಮ ಇವರೇ ಎಂದು ಅವರು ತೀರ್ಪು ಕೊಡುವುದಿಲ್ಲ. ಪತ್ರ ನೋಂದಣಿಯಾಯಿತು ಎಂದ ಮಾತ್ರಕ್ಕೆ ಅದರಲ್ಲಿರುವ ಹೇಳಿಕೆ ನಿಜವಾಯಿತು ಎಂದಲ್ಲ. ಅದು ನಿಮ್ಮ ತಾಯಿಯವರ ಒಪ್ಪಿಗೆಯ ಮಾತು. ಅವರನ್ನೂ ಅವರ ನಂತರ ನಿಮ್ಮಿಬ್ಬರನ್ನೂ ಅದು ಕಟ್ಟಿಹಾಕುತ್ತದೆ, ಆಮೇಲೆ ‘ಆ ಚನ್ನಮ್ಮ ಬೇರೆ’ ಎಂದು ನೀವು ಹೇಳಲಾಗದು. ಆದರೆ ನಿಜವಾಗಿಯೂ ಬೇರೊಬ್ಬ ಚನ್ನಮ್ಮ ಎದ್ದು ಬಂದರೆ ಅವಳ ಬಾಯಿಯನ್ನು ಅದು ಮುಚ್ಚಿಸುವುದಿಲ್ಲ. ಅದಕ್ಕೆ ಪುರಾವೆಯೇ ಬೇಕು.

ಆ ಪುರಾವೆಯನ್ನು ಈಗಲೇ ಕೂಡಿಡಿ, ತಾಯಿಯವರು ಇದು ಯಾವ ಕಾಗದವೆಂದು ಹೇಳಲು ಇರುವಾಗಲೇ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಸೇತುವೆಯಂಥ ದಾಖಲೆ, ಅಂದರೆ ಹಳೆಯ ಕಾಗುಣಿತ ಮತ್ತು ಅವರ ಭಾವಚಿತ್ರ ಎರಡೂ ಇರುವಂಥದ್ದು. ಹಳೆಯ ಪಡಿತರ ಚೀಟಿ ಅಥವಾ ಮತದಾರರ ಗುರುತಿನ ಚೀಟಿಯಲ್ಲಿ ಇದು ಸಿಗುವುದುಂಟು. ಅದರಲ್ಲಿ ‘ಹನುಮೇಗೌಡ’ ಎಂದೂ ಇದ್ದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಇಲ್ಲದಿದ್ದರೆ 1994ರಿಂದ ಈಚಿನ ಕಂದಾಯದ ರಸೀದಿಗಳು, ಹಳೆಯ ಹೆಸರಿನ ಖಾತೆ, ತಂದೆಯವರ ಎರಡೂ ಹೆಸರುಗಳನ್ನು ತೋರಿಸುವ ಕಾಗದಗಳು ಒಟ್ಟಾಗಿ ಅದೇ ಕೆಲಸ ಮಾಡುತ್ತವೆ. ಮೂಲ ಕ್ರಯಪತ್ರ ಇಷ್ಟು ವರ್ಷ ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇತ್ತು ಎಂಬುದೂ ಸಣ್ಣ ಪುರಾವೆಯಲ್ಲ.

ತಿದ್ದುಪಡಿ ಪತ್ರ ಬೇಕಾಗುವುದು ಯಾವಾಗ? ಹೆಸರು ಒಂದೇ ಆಗಿದ್ದು ಕಾಗುಣಿತ ಮಾತ್ರ ಬೇರೆಯಿದ್ದರೆ ಮೇಲಿನ ಒಕ್ಕಣೆ ಸಾಕು. 1994ರಲ್ಲಿ ಮಾರಿದವರು ಬದುಕಿದ್ದು, ಕರೆದರೆ ಬರುವಂತಿದ್ದರೆ, ಗಂಡನ ಹೆಸರಿನ ಮಟ್ಟಿಗೆ ಅವರಿಂದ ತಿದ್ದುಪಡಿ ಪತ್ರ ಪಡೆಯುವುದು ಇನ್ನೂ ಭದ್ರ, ಏಕೆಂದರೆ ಆಗ ಮಾತು ಎರಡೂ ಕಡೆಯವರದ್ದಾಗುತ್ತದೆ. ಅವರು ಸಿಗದಿದ್ದರೆ ಅದಕ್ಕಾಗಿ ಮಾರಾಟವನ್ನು ನಿಲ್ಲಿಸಬೇಕಾಗಿಲ್ಲ. ಹೆಸರಿಗೂ ಹೆಸರಿಗೂ ಸಂಬಂಧವೇ ಇಲ್ಲದಾಗ, ಪುರಾವೆಯೂ ಇಲ್ಲದಾಗ ಮಾತ್ರ ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆಯ ದಾವೆ ಹೂಡುವ ದಾರಿ ಹಿಡಿಯಬೇಕು. ನಿಮ್ಮದು ಆ ಸ್ಥಿತಿಯಲ್ಲ.

ಇನ್ನು ವಿಲ್. ಕ್ರಯಪತ್ರದಲ್ಲಿ ಸಂಶಯ ಬಂದರೆ ಬರೆದುಕೊಟ್ಟವರನ್ನು ಕರೆದು ಕೇಳಬಹುದು. ವಿಲ್ ಜಾರಿಗೆ ಬರುವುದೇ ಬರೆದವರು ಇಲ್ಲದಾಗ. ಅದಕ್ಕೇ ಅಲ್ಲಿ ಈ ಒಕ್ಕಣೆ ಇನ್ನಷ್ಟು ಬಿಡಿಸಿ ಹೇಳುವಂತಿರಬೇಕು.

ಆದರೆ ಕಾಗುಣಿತ ತಪ್ಪಿದರೆ ವಿಲ್ ಬಿದ್ದುಹೋಗುತ್ತದೆ ಎಂಬ ಭಯ ಬೇಡ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 76ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ: ಯಾರಿಗೆ ಕೊಟ್ಟಿದ್ದಾರೆ ಎಂಬುದು ವಿಲ್‌ನ ಮಾತುಗಳಿಂದ ಸಾಕಷ್ಟು ತಿಳಿಯುವಂತಿದ್ದರೆ ಹೆಸರಿನ ದೋಷ ಅಡ್ಡಿಯಾಗದು, ಹೆಸರಿನ ತಪ್ಪನ್ನು ವಿವರಣೆಯಿಂದ, ವಿವರಣೆಯ ತಪ್ಪನ್ನು ಹೆಸರಿನಿಂದ ಸರಿಪಡಿಸಿಕೊಳ್ಳಬಹುದು. ಆದ್ದರಿಂದ ತಂಗಿಯ ಬಗ್ಗೆ ಬರೆಯುವಾಗ ಎರಡು ಹೆಸರುಗಳ ಜೊತೆಗೆ ಅವರೊಬ್ಬರಿಗೇ ಹೊಂದುವ ವಿವರಣೆಯೂ ಇರಲಿ: ‘ನನ್ನ ಕಿರಿಯ ಮಗಳು ಮಂಜುಳಾದೇವಿ ಉರುಫ್ ಮಂಜುಳ, ಶಾಲಾ ದಾಖಲೆಯಲ್ಲಿ ಇವಳ ಹೆಸರು ಮಂಜುಳ ಎಂದಿದೆ’ ಎಂದು ಬರೆದು, ಜನ್ಮದಿನಾಂಕ ಮತ್ತು ಗಂಡನ ಹೆಸರನ್ನು ಸೇರಿಸಿ. ಮದುವೆಯ ನಂತರ ಇನಿಷಿಯಲ್ ಬದಲಾಗಿದ್ದರೆ ಅದನ್ನೂ ಹೇಳಿ. ಹೀಗೆ ಬರೆದ ಮೇಲೆ ಒಂದು ಅಕ್ಷರ ಆಚೀಚೆಯಾದರೂ ‘ಕಿರಿಯ ಮಗಳು’ ಎಂಬ ಮಾತು ಕೈಹಿಡಿಯುತ್ತದೆ. 76ನೇ ಕಲಂ ಇದೆಯೆಂದು ಅಸಡ್ಡೆಯಿಂದ ಬರೆದರೆ ಮಾತ್ರ ಅದರ ನೆರವನ್ನು ನ್ಯಾಯಾಲಯಕ್ಕೆ ಹೋಗಿಯೇ ಪಡೆಯಬೇಕಾದೀತು. ಖಾತೆ ಬದಲಾಯಿಸುವ ಮೇಜಿನ ಗುಮಾಸ್ತರು ಕಲಂ ಓದುವುದಿಲ್ಲ, ಹೆಸರು ಹೊಂದುತ್ತದೆಯೇ ಎಂದು ನೋಡುತ್ತಾರೆ.

ತಾಯಿಯವರ ಹೆಸರಿಗೆ ಬಂದರೆ, ವಿಲ್‌ನ ಆರಂಭದಲ್ಲಿ ಎರಡೂ ರೂಪಗಳನ್ನು ಬರೆದು, ಆಮೇಲೆ ಒಂದೊಂದು ಆಸ್ತಿಯ ವಿವರದ ಜೊತೆಗೂ ಆ ಆಸ್ತಿಯ ಕಾಗದದಲ್ಲಿ ಹೆಸರು ಹೇಗಿದೆ ಎಂದು ಬರೆಸಿ. ಮನೆಯ ಖಾತೆ ಒಂದು ಕಾಗುಣಿತದಲ್ಲಿ, ಬ್ಯಾಂಕಿನ ಠೇವಣಿ ಇನ್ನೊಂದರಲ್ಲಿ ಇರಬಹುದು. ಠೇವಣಿ ಕೊಡುವ ಬ್ಯಾಂಕಿನವರು ಮನೆಯ ಪತ್ರವನ್ನು ನೋಡುವುದಿಲ್ಲವಲ್ಲ.

ಇಲ್ಲಿ ಅನುಕ್ರಮದ ಪ್ರಶ್ನೆ ಬರುತ್ತದೆ. ತಾಯಿಯವರ ಆರೋಗ್ಯ ಚೆನ್ನಾಗಿದ್ದರೆ ಮೊದಲು ಕ್ರಯಪತ್ರ ಮುಗಿಸಿ, ಆಮೇಲೆ ವಿಲ್ ಬರೆಸಿ. ವಿಲ್ ನೋಂದಣಿ ಕಡ್ಡಾಯವಲ್ಲ. ನೋಂದಾಯಿಸಿದರೂ ಅದು 3ನೇ ಪುಸ್ತಕಕ್ಕೆ ಹೋಗುತ್ತದೆ, ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಅದರ ನಕಲು ಸಿಗುವುದಿಲ್ಲ, ಇ.ಸಿ.ಯಲ್ಲೂ ಕಾಣುವುದಿಲ್ಲ. ಅಂದರೆ ವಿಲ್‌ನಲ್ಲಿ ಬರೆದ ಉರುಫ್ ಮಾರಾಟಕ್ಕೆ ನೆರವಾಗುವುದಿಲ್ಲ. ಕ್ರಯಪತ್ರದಲ್ಲಿ ಬರೆದದ್ದು ವಿಲ್‌ಗೆ ನೆರವಾಗುತ್ತದೆ. ‘ನನ್ನ ಹೆಸರಿನ ಈ ಎರಡು ರೂಪಗಳ ಬಗ್ಗೆ ಇಂಥ ಸಂಖ್ಯೆಯ ನೋಂದಾಯಿತ ಕ್ರಯಪತ್ರದಲ್ಲಿಯೂ ಹೇಳಿರುತ್ತೇನೆ’ ಎಂದು ವಿಲ್‌ನಲ್ಲಿ ಒಂದು ಸಾಲು ಬರಲಿ. ಆ ಕ್ರಯಪತ್ರದಲ್ಲಿ ಅವರ ಭಾವಚಿತ್ರ ಇರುತ್ತದೆ, ಬೆರಳಚ್ಚು ಇರುತ್ತದೆ, ಹಣ ಕೊಟ್ಟು ಕೊಂಡ ಹೊರಗಿನವರೊಬ್ಬರು ಆ ಹೇಳಿಕೆಯನ್ನು ನಂಬಿರುತ್ತಾರೆ. ಜಗಳವೇ ಇಲ್ಲದ ಕಾಲದಲ್ಲಿ ಆಡಿದ ಆ ಮಾತಿಗೆ ತೂಕ ಹೆಚ್ಚು. ಆರೋಗ್ಯ ಅಷ್ಟಕ್ಕಷ್ಟೇ ಎಂದಾದರೆ ಈ ಅನುಕ್ರಮಕ್ಕಾಗಿ ಕಾಯಬೇಡಿ, ವಿಲ್ ಈ ವಾರವೇ ಆಗಲಿ.

ವಿಲ್‌ಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲಿ ಒಬ್ಬರಾದರೂ ನಿಮ್ಮ ತಂದೆತಾಯಿಯರನ್ನು ಎರಡೂ ಹೆಸರಿನಿಂದ ಬಲ್ಲವರಾಗಿರಲಿ, ಆದರೆ ತಾಯಿಯವರಿಗಿಂತ ಕಿರಿಯರಾಗಿರಲಿ. ವಿಲ್ ನ್ಯಾಯಾಲಯಕ್ಕೆ ಹೋದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕರೆದು ವಿಚಾರಿಸಲೇಬೇಕು. ಹೇಗೂ ಕಟಕಟೆಗೆ ಬರುವ ಆ ವ್ಯಕ್ತಿಯೇ ‘ಹನುಮಂತೇಗೌಡರನ್ನು ಊರಲ್ಲಿ ಹನುಮೇಗೌಡ ಎಂದೇ ಕರೆಯುತ್ತಿದ್ದರು’ ಎಂದರೆ ಇನ್ನೊಬ್ಬ ಸಾಕ್ಷಿಯನ್ನು ಹುಡುಕುವುದು ತಪ್ಪುತ್ತದೆ. ಸಹಿಯನ್ನು ತಾಯಿಯವರು ದಿನನಿತ್ಯ ಹೇಗೆ ಮಾಡುತ್ತಾರೋ ಹಾಗೆಯೇ ಮಾಡಲಿ. ಎರಡು ಹೆಸರಿದೆ ಎಂದು ಎರಡು ಬಗೆಯ ಸಹಿ ಮಾಡಿಸುವುದನ್ನು ನೋಡಿದ್ದೇನೆ, ಅದು ಹೊಸ ಸಂಶಯಕ್ಕೆ ದಾರಿ.

ಸಹಿಯಾದ ಮೇಲೆ ಯಾವುದೋ ಕಾಗುಣಿತ ಬಿಟ್ಟುಹೋಗಿದೆ ಎಂದು ಗೊತ್ತಾದರೆ, ಪೆನ್ನು ತೆಗೆದುಕೊಂಡು ಸಾಲಿನ ಮೇಲೆ ಸೇರಿಸಬೇಡಿ. ವಿಲ್ ಬರೆದುಕೊಟ್ಟ ಕ್ರಮದಲ್ಲೇ ಸಹಿ, ಸಾಕ್ಷಿಗಳೊಂದಿಗೆ ಮಾಡದ ತಿದ್ದುಪಡಿಗೆ ಬೆಲೆಯಿಲ್ಲ ಎಂದು ಅದೇ ಕಾಯಿದೆಯ 71ನೇ ಕಲಂ ಹೇಳುತ್ತದೆ. ಇನ್ನೊಂದು ಚಿಕ್ಕ ಪೂರಕ ವಿಲ್ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿಸಿ. ಒಂದು ಪುಟದ ಕೆಲಸ.

ಕೊನೆಯದಾಗಿ, ಕೇಳಲು ಕಷ್ಟವಾದರೂ ಹೇಳಲೇಬೇಕಾದ ಒಂದು ವಿಷಯ. ವಿಲ್ ಜೊತೆಗೆ ಮುಂದೊಂದು ದಿನ ನೀವು ಹಾಜರುಪಡಿಸುವುದು ಮರಣ ಪ್ರಮಾಣಪತ್ರವನ್ನು. ಅದರಲ್ಲಿ ಬರುವ ಹೆಸರು ಆಸ್ಪತ್ರೆಯವರು ಅಥವಾ ಮನೆಯವರು ಕೊಟ್ಟ ಹೆಸರು. ದುಃಖದ ಗಳಿಗೆಯಲ್ಲಿ ಯಾರೋ ನೆಂಟರು ಬಾಯಿಗೆ ಬಂದ ಹೆಸರನ್ನು ಬರೆಸಿ, ಮೂರನೆಯ ಕಾಗುಣಿತವೊಂದು ಹುಟ್ಟಿಕೊಂಡ ಕುಟುಂಬಗಳು ನನ್ನ ಬಳಿಗೆ ಬಂದಿವೆ. ವಿಲ್‌ನಲ್ಲಿ ಆಧಾರ್‌ನ ಹೆಸರು ಅಕ್ಷರಶಃ ಇರಲಿ. ಮರಣವನ್ನು ನೋಂದಾಯಿಸಲು ಇರುವ 21 ದಿನಗಳಲ್ಲಿ ನೀವು ಅಥವಾ ನಿಮ್ಮ ತಂಗಿಯೇ ಹೋಗಿ, ಆಧಾರ್ ಚೀಟಿಯನ್ನು ಮುಂದಿಟ್ಟು, ಅದೇ ಹೆಸರನ್ನು ಬರೆಸಿ. ಗಂಡನ ಹೆಸರಿನ ಅಂಕಣದಲ್ಲೂ ‘ಹನುಮಂತೇಗೌಡ’ ಎಂದೇ ಇದೆಯೇ ಎಂದು ನೋಡಿಕೊಂಡು ಪ್ರಮಾಣಪತ್ರ ತೆಗೆದುಕೊಳ್ಳಿ.